ನಾಮಿನಿ ಹಾಕಿದ್ದೇನೆ ಎನ್ನುವವರಲ್ಲಿ ಒಂದು ಮನವಿ

ದುಬೈ, ಅಬುಧಾಬಿಯ ಕನ್ನಡ ಬಂಧುಗಳೇ,

ಕರಾಮಾದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಎದುರಿಗಿದ್ದವರು ಕುಂದಾಪುರ ಕಡೆಯವರು, ಇಲ್ಲಿಗೆ ಬಂದು ಹದಿನೆಂಟು ವರ್ಷವಾಗಿದೆ. ಪರಿಚಯದವರೊಬ್ಬರ ಸಾವಿನ ಸುದ್ದಿ ಬಂದು, ಅವರ ಮನೆಯವರು ಕಾಗದಪತ್ರಕ್ಕೆ ಪಡುತ್ತಿರುವ ಪಾಡಿನ ಕಡೆಗೆ ಮಾತು ಹೊರಳಿತು. "ನಂದೆಲ್ಲ ಸರಿ ಇದೆ ಮಾರಾಯ್ರೆ, ಎಲ್ಲದಕ್ಕೂ ನಾಮಿನಿ ಹಾಕಿದ್ದೇನೆ" ಎಂದರು ಅವರು. ಯಾವುದಕ್ಕೆ ಯಾರನ್ನು ಹಾಕಿದ್ದೀರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ಮಂಗಳೂರಿನ ಬ್ಯಾಂಕಿನಲ್ಲಿರುವ ಎನ್‌ಆರ್‌ಇ ಠೇವಣಿಗೆ ತಮ್ಮ, ಏಕೆಂದರೆ ಖಾತೆ ತೆರೆಯುವಾಗ ಜೊತೆಗೆ ಬಂದವನು ಅವನು. ಎಲ್‌ಐಸಿ ಪಾಲಿಸಿಗೆ ಅಮ್ಮ, ಏಕೆಂದರೆ ಆಗ ಮದುವೆಯಾಗಿರಲಿಲ್ಲ. ಷೇರಿನ ಡಿಮ್ಯಾಟ್ ಖಾತೆಗೆ ಹೆಂಡತಿ. ದುಬೈ ಬ್ಯಾಂಕಿನ ಖಾತೆಗೆ? "ಅದಕ್ಕೂ ಹಾಕಿರಬೇಕು."

ನಾಲ್ಕು ಉತ್ತರಗಳಲ್ಲಿ ಮೊದಲ ಮೂರು ನಿಜ, ಆದರೆ ಅವರು ಅಂದುಕೊಂಡ ಅರ್ಥದಲ್ಲಲ್ಲ. ನಾಲ್ಕನೆಯದಂತೂ ನಿಜವೇ ಅಲ್ಲ. ಹಾಗಾಗಿ ಈ ಮನವಿ. ಅವರ ಒಪ್ಪಿಗೆ ಪಡೆದು, ಅವರ ಲೆಕ್ಕವನ್ನೇ ನಿಮ್ಮೆದುರು ಇಡುತ್ತೇನೆ. ಠೇವಣಿ 24 ಲಕ್ಷ, ಪಾಲಿಸಿ 20 ಲಕ್ಷ, ಷೇರು ಸುಮಾರು 12 ಲಕ್ಷ, ದುಬೈ ಖಾತೆಯಲ್ಲಿ 80,000 ದಿರ್ಹಂ. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಒಬ್ಬಳು ಮಗಳು, ಒಬ್ಬ ಮಗ. ಉಯಿಲು ಬರೆದಿಲ್ಲ. ಬಿಡ್ತು ಅನ್ನಿ, ಅವರ ಆಯುಷ್ಯ ಗಟ್ಟಿಯಾಗಿರಲಿ. ಲೆಕ್ಕಕ್ಕಾಗಿ ಮಾತ್ರ, ಅವರು ನಾಳೆ ಇಲ್ಲ ಎಂದುಕೊಳ್ಳೋಣ.

ಮೊದಲು ಠೇವಣಿ. ಮದುವೆ ಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆದುಕೊಳ್ಳುವವರನ್ನು ನೋಡಿದ್ದೀರಿ. ಬಂದವರೆಲ್ಲ ಅವರ ಕೈಗೇ ಲಕೋಟೆ ಕೊಡುತ್ತಾರೆ. ಕೊಟ್ಟವರ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಹಾಗೆಂದು ಆ ದುಡ್ಡು ಮೇಜಿನವರದ್ದಾಗುವುದಿಲ್ಲ. ಭಾರತದ ಬ್ಯಾಂಕುಗಳಲ್ಲಿ ನಾಮಿನಿ ಎಂದರೆ ಆ ಮೇಜಿನವರು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಹೇಳುವುದು ಇಷ್ಟೇ: ಖಾತೆದಾರ ತೀರಿಕೊಂಡರೆ ಬ್ಯಾಂಕು ನಾಮಿನಿಯ ಕೈಗೆ ಹಣ ಕೊಟ್ಟು ಋಣಮುಕ್ತವಾಗಬಹುದು. ಆಮೇಲೆ ಬೇರೆಯವರು ಬಂದು ಬ್ಯಾಂಕನ್ನು ಹಿಡಿದು ಕೇಳುವಂತಿಲ್ಲ. ಆದರೆ ನಾಮಿನಿಯನ್ನು ಹಿಡಿದು ಕೇಳುವ ವಾರಸುದಾರರ ಹಕ್ಕು ಹಾಗೇ ಉಳಿದಿರುತ್ತದೆ. ರಾಮ್‌ಚಂದರ್ ತಲ್ವಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನೇ ಹೇಳಿತು.

ನಮ್ಮ ಸ್ನೇಹಿತರ ತಮ್ಮ ಆ 24 ಲಕ್ಷವನ್ನು ಬ್ಯಾಂಕಿನಿಂದ ಸಲೀಸಾಗಿ ಪಡೆಯುತ್ತಾನೆ. ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಒಂದು ಅರ್ಜಿ ಸಾಕು. 2025ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ದಾಖಲೆ ಪೂರ್ತಿಯಾಗಿ ಕೈಸೇರಿದ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ಆದರೆ ಆ ಹಣದಲ್ಲಿ ತಮ್ಮನ ಪಾಲು ಸೊನ್ನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ಇಲ್ಲಿ ನಾಲ್ವರು, ತಲಾ 6 ಲಕ್ಷ. ಅಪ್ಪನ ಹೆಸರು ಪಟ್ಟಿಯಲ್ಲಿಲ್ಲದ್ದು ಕೈತಪ್ಪಲ್ಲ. ತಂದೆ ಎರಡನೆಯ ವರ್ಗಕ್ಕೆ ಸೇರಿದವರು. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವರಿಗೆ ಏನೂ ಬರುವುದಿಲ್ಲ. ಮಗನನ್ನು ಗಲ್ಫಿಗೆ ಕಳಿಸಲು ಸಾಲ ಮಾಡಿದ ಎಷ್ಟೋ ಅಪ್ಪಂದಿರಿಗೆ ಈ ವಿಷಯ ಗೊತ್ತಿಲ್ಲ.

ತಮ್ಮ ಒಳ್ಳೆಯವನಾದರೆ ನಾಲ್ಕು ಪಾಲು ಮಾಡಿ ಕೊಡುತ್ತಾನೆ. ಅಷ್ಟರಲ್ಲಿ ಮನೆಗೆ ಮೇಲುಪ್ಪರಿಗೆ ಹಾಕಿಸಿದ್ದರೆ ಅತ್ತಿಗೆ ಮೈದುನನ ಮೇಲೆ ಸಿವಿಲ್ ದಾವೆ ಹೂಡಬೇಕು. ಕೆಟ್ಟ ಮನಸ್ಸಿನಿಂದಲೇ ಹೀಗಾಗುತ್ತದೆ ಎಂದೇನಿಲ್ಲ. ನಾನು ನೋಡಿದ ಎರಡು ಮನೆಗಳಲ್ಲಿ ನಾಮಿನಿಯಾಗಿದ್ದವರು ಪ್ರಾಮಾಣಿಕವಾಗಿಯೇ "ಅಣ್ಣ ನನ್ನ ಹೆಸರು ಬರೆದದ್ದು ನನಗೆ ಸಿಗಲಿ ಅಂತಲ್ಲವೇ" ಎಂದು ನಂಬಿದ್ದರು. ಮುಕ್ಕಾಲು ಪಾಲು ಜಗಳ ಹುಟ್ಟುವುದು ಈ ನಂಬಿಕೆಯಿಂದಲೇ.

ಈಗ ಹೊಸದೊಂದು ಗೊಂದಲ ಸೇರಿಕೊಂಡಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಇವರಿಗೆ ಶೇಕಡಾ ಇಷ್ಟು, ಅವರಿಗೆ ಇಷ್ಟು ಎಂದು ಬರೆಯಬಹುದು. ಡಿಮ್ಯಾಟ್ ಖಾತೆ, ಮ್ಯೂಚುವಲ್ ಫಂಡ್‌ಗಳಿಗೆ ಸೆಬಿ ಹತ್ತು ಜನರವರೆಗೆ ಅವಕಾಶ ಕೊಟ್ಟಿದೆ. ಶೇಕಡಾವಾರು ಬರೆದ ಮೇಲೆ ಅದೇ ಪಾಲುಪಟ್ಟಿ ಎಂದು ಜನ ತಿಳಿಯುತ್ತಿದ್ದಾರೆ. ಅದು ಯಾರ ಕೈಗೆ ಎಷ್ಟು ಕೊಡಬೇಕೆಂದು ಬ್ಯಾಂಕಿಗೆ ನೀವು ಕೊಟ್ಟ ಸೂಚನೆ. ಮುಯ್ಯಿಯ ಮೇಜು ಒಂದಿದ್ದದ್ದು ನಾಲ್ಕಾಯಿತು, ಅಷ್ಟೇ.

ಹಾಗಾದರೆ ನಾಮಿನಿಯೇ ಬೇಡವೇ? ಖಂಡಿತ ಬೇಕು. ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಬ್ಯಾಂಕು ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದಕ್ಕೆ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ನ್ಯಾಯಾಲಯದ ಶುಲ್ಕ, ವಕೀಲರು ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ, ಜೀವಂತ ಸದಸ್ಯರ ದೃಢೀಕರಣಗಳು ಅದಕ್ಕೆ ಸಮವಲ್ಲ; ಅವು ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಹೇಳುತ್ತವೆಯೇ ಹೊರತು ಹಣ ವಸೂಲಿ ಮಾಡುವ ಅಧಿಕಾರ ಕೊಡುವುದಿಲ್ಲ. ಆದ್ದರಿಂದ ನಾಮಿನಿ ಇರಲಿ. ಮುಯ್ಯಿ ಬರೆಯಲು ಯಾರನ್ನು ಕೂರಿಸುತ್ತೀರಿ ಎಂಬುದನ್ನು ಮಾತ್ರ ಯೋಚಿಸಿ ನಿರ್ಧರಿಸಿ, ಮತ್ತು ಅವರಿಗೆ ಅದು ಯಾರ ದುಡ್ಡು ಎಂದು ಹೇಳಿಡಿ.

ವಿಮೆಯ ವಿಷಯ ಇನ್ನೂ ಸೂಕ್ಷ್ಮ. ಇದರಲ್ಲಿ ಕಾನೂನೇ ನಡುವೆ ಒಮ್ಮೆ ಹೊರಳಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆಯ ತೀರ್ಪು ಸರಬತಿ ದೇವಿ ಪ್ರಕರಣದ್ದು. ದೆಹಲಿಯಲ್ಲಿ 1967ರಲ್ಲಿ ಒಬ್ಬರು ತೀರಿಕೊಂಡರು. ತಲಾ 10,000 ರೂಪಾಯಿಯ ಎರಡು ಪಾಲಿಸಿ, ಎರಡಕ್ಕೂ ಹೆಂಡತಿಯೇ ನಾಮಿನಿ. ತಾಯಿ ಮತ್ತು ಮಗನ ಕಡೆಯಿಂದ ದಾವೆ ಬಂತು. ಸುಪ್ರೀಂ ಕೋರ್ಟ್ 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟು, ನಾಮಿನಿ ಹಣ ಪಡೆಯುವ ಕೈ ಮಾತ್ರ, ಹಣ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗಬೇಕು ಎಂದಿತು. ಮೂರು ದಶಕ ಇದೇ ನಡೆಯಿತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾಯಿತು. ಪಾಲಿಸಿದಾರ ತನ್ನ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಅವರು ಆ ಹಣಕ್ಕೆ ಹಿತಭಾಗಿಗಳು ಎಂದು ಕಾಯ್ದೆ ಹೇಳಿತು. ಏಜೆಂಟರು ಅಂದಿನಿಂದ "ಈಗ ನಾಮಿನಿಯೇ ಓನರ್" ಎಂದು ಹೇಳಿಕೊಂಡು ಬರುತ್ತಿದ್ದಾರೆ.

ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಎದುರು 2025ರಲ್ಲಿ ತೀರ್ಮಾನವಾದ ಒಂದು ಪ್ರಕರಣ ಈ ಮಾತನ್ನು ಒರೆಗೆ ಹಚ್ಚಿತು. ಗಲ್ಫಿಗೆ ಬಂದ ನಮ್ಮ ಹುಡುಗರಲ್ಲಿ ಅರ್ಧದಷ್ಟು ಜನರ ಕಥೆ ಅದರಲ್ಲಿದೆ. ಒಬ್ಬ ಅವಿವಾಹಿತ ಯುವಕ ಎರಡು ಪಾಲಿಸಿ ಮಾಡಿಸಿದ, 19 ಲಕ್ಷದ್ದೊಂದು, 2 ಲಕ್ಷದ್ದೊಂದು. ಸಹಜವಾಗಿ ತಾಯಿಯ ಹೆಸರನ್ನು ನಾಮಿನಿಯಾಗಿ ಬರೆಸಿದ. ಆಮೇಲೆ ಮದುವೆಯಾಯಿತು, ಮಗು ಹುಟ್ಟಿತು, ಫಾರ್ಮು ಹಾಗೇ ಉಳಿಯಿತು. 2019ರ ಕೊನೆಯಲ್ಲಿ ಆತ ತೀರಿಕೊಂಡ. ಹೆಂಡತಿ ಮತ್ತು ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ. ತಿದ್ದುಪಡಿಯ ಪ್ರಕಾರ ಪೂರ್ತಿ ಹಣ ತನ್ನದೇ ಎಂದು ತಾಯಿಯ ವಾದ. ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ಅವರು ಹೇಳಿದ್ದು ಹೀಗೆ: ಬೇರೆ ವಾರಸುದಾರರು ಯಾರೂ ಕೇಳದಿದ್ದರೆ ಹಿತಭಾಗಿ ನಾಮಿನಿಗೆ ಹಣ ಸೇರುತ್ತದೆ. ವಾರಸುದಾರರು ತಮ್ಮ ಪಾಲು ಕೇಳಿದರೆ ಉತ್ತರಾಧಿಕಾರ ಕಾನೂನೇ ಮೇಲು, ವಿಮಾ ಕಾಯ್ದೆಯ ಆ ಕಲಮು ಇನ್ನೊಂದು ಉತ್ತರಾಧಿಕಾರ ಕಾನೂನಲ್ಲ. ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದು ಪಾಲು.

ಗಮನಿಸಿ, ಇಲ್ಲಿ ತಾಯಿ ಅತ್ಯಾಸೆಯವರೇನಲ್ಲ. ಕಾಗದದಲ್ಲಿ ಮಗ ಅವರ ಹೆಸರನ್ನೇ ಬರೆದಿದ್ದ, ಕಾಯ್ದೆಯಲ್ಲಿ ತಾಯಿ ಎಂಬ ಪದವೂ ಇತ್ತು. ಮದುವೆಯಾದ ವರ್ಷ ಶಾಖೆಗೆ ಹೋಗಿ ಒಂದು ಫಾರ್ಮು ತುಂಬಿದ್ದರೆ, ಜೊತೆಗೆ ಅರ್ಧ ಪುಟದ ಉಯಿಲು ಬರೆದಿದ್ದರೆ, ಅತ್ತೆ ಸೊಸೆ ನ್ಯಾಯಾಲಯ ಹತ್ತಬೇಕಿರಲಿಲ್ಲ. ಭವಿಷ್ಯನಿಧಿಯಲ್ಲಿ, ಅಂದರೆ ಪಿಎಫ್‌ನಲ್ಲಿ, ಸಂಸಾರ ಇಲ್ಲದಾಗ ಮಾಡಿದ ನಾಮಿನಿ ಸಂಸಾರವಾದ ಕೂಡಲೇ ತಾನಾಗಿ ರದ್ದಾಗುತ್ತದೆ. ವಿಮೆಯಲ್ಲಿ ಆ ಸೌಕರ್ಯ ಇಲ್ಲ. ನೀವು ಬದಲಿಸುವವರೆಗೆ ಹಳೆಯ ಹೆಸರೇ ಕೂತಿರುತ್ತದೆ.

ನಮ್ಮ ಸ್ನೇಹಿತರ 20 ಲಕ್ಷದ ಪಾಲಿಸಿಯನ್ನು ಈ ತೀರ್ಪಿನ ತಕ್ಕಡಿಯಲ್ಲಿಟ್ಟರೆ, ಎಲ್‌ಐಸಿ ಅವರ ಅಮ್ಮನ ಖಾತೆಗೆ ಹಣ ಹಾಕಿ ಕೈತೊಳೆದುಕೊಳ್ಳುತ್ತದೆ. ಹೆಂಡತಿ ಮಕ್ಕಳು ಕೇಳಿದರೆ ತಲಾ 5 ಲಕ್ಷ, ಅಮ್ಮನಿಗೆ 5 ಲಕ್ಷ. ಹಣ ಹೆಂಡತಿ ಮಕ್ಕಳಿಗೇ ಸೇರಬೇಕು, ಸಾಲಗಾರರೂ ಮುಟ್ಟಬಾರದು ಎಂಬ ಆಸೆಯಿದ್ದರೆ ಅದಕ್ಕೆ ಬೇರೆ ದಾರಿಯಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿದರೆ ಅದು ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟಿನಂತೆ ನಿಲ್ಲುತ್ತದೆ, ಆಸ್ತಿಯ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಪಾಲಿಸಿ ಕೊಳ್ಳುವ ದಿನವೇ ಅದಕ್ಕೆ ಸಹಿ ಹಾಕಿರಬೇಕು. ಆಮೇಲೆ ಮನಸ್ಸು ಬದಲಾದರೂ ನೀವೇ ಅದನ್ನು ವಾಪಸು ಪಡೆಯಲಾಗದು. ಏಜೆಂಟರು ಈ ಫಾರ್ಮನ್ನು ತಾವಾಗಿ ತೆಗೆಯುವುದು ಅಪರೂಪ, ಕೇಳಿ ಪಡೆಯಬೇಕು.

ಷೇರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಮಿನಿಗೆ ಷೇರು ಪೂರ್ತಿ ಸೇರುತ್ತದೆ ಎಂದು ಬಾಂಬೆ ಹೈಕೋರ್ಟಿನ 2010ರ ಒಂದು ತೀರ್ಪು ಹೇಳಿತ್ತು, ಕೆಲವು ವರ್ಷ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದರು. ಆಮೇಲೆ ಕಾಲನಿರ್ಣಯ ಕ್ಯಾಲೆಂಡರಿನ ಜಯಂತ್ ಸಾಳಗಾಂವ್ಕರ್ ಅವರ ಕುಟುಂಬದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಡಿಸೆಂಬರ್ 14ರಂದು ಬಂದ ತೀರ್ಪಿನಿಂದ ಆ ಬಾಗಿಲು ಮುಚ್ಚಿತು: ಕಂಪನಿ ಕಾಯ್ದೆಯ ನಾಮಿನಿ ಪದ್ಧತಿ ಕಂಪನಿಯ ಅನುಕೂಲಕ್ಕೆ, ಒಡೆತನ ಉತ್ತರಾಧಿಕಾರ ಕಾನೂನಿನದ್ದು. ಸ್ನೇಹಿತರ ಹೆಂಡತಿಯ ಡಿಮ್ಯಾಟಿಗೆ 12 ಲಕ್ಷದ ಷೇರು ಬಂದರೂ ಅವರದ್ದು 3 ಲಕ್ಷ, ಉಳಿದದ್ದು ಮಕ್ಕಳದ್ದು, ಅತ್ತೆಯದ್ದು.

ಇಲ್ಲಿಯವರೆಗೆ ಹೇಳಿದ್ದು ಊರಿನ ಮಾತು. ಈಗ ನಾವು ನಿಂತಿರುವ ನೆಲಕ್ಕೆ ಬರೋಣ.

ಯುಎಇಯ ಬ್ಯಾಂಕ್ ಖಾತೆಯಲ್ಲಿ, ನಮ್ಮೂರಿನ ಅರ್ಥದ ನಾಮಿನಿ ಕಾಲಂ ಸಾಮಾನ್ಯವಾಗಿ ಇರುವುದೇ ಇಲ್ಲ. ಮುಯ್ಯಿಗೆ ಇಲ್ಲಿ ಮೇಜೇ ಹಾಕುವುದಿಲ್ಲ. ಸಾವಿನ ಸುದ್ದಿ ಬ್ಯಾಂಕಿಗೆ ತಲುಪಿದ ಕೂಡಲೇ ಖಾತೆ ನಿಲ್ಲುತ್ತದೆ. ಹೆಂಡತಿ ಬಂದರೂ, ಮಗ ಬಂದರೂ, ಊರಿನ ಯಾವ ಪ್ರಮಾಣಪತ್ರ ತಂದರೂ ನ್ಯಾಯಾಲಯದ ಆದೇಶ ತನ್ನಿ ಎನ್ನುತ್ತಾರೆ. ದುಬೈ ಅಥವಾ ಅಬುಧಾಬಿಯ ಷೇರುಪೇಟೆಯಲ್ಲಿ ಹೂಡಿದ್ದರೂ ಇದೇ ಗತಿ. ನಾವು ಐಪಿಒಗಾಗಿ ಆಸೆಯಿಂದ ಮಾಡಿಸಿಕೊಂಡ ಹೂಡಿಕೆದಾರರ ನಂಬರಿನಡಿ ಇರುವ ಷೇರು ವಾರಸುದಾರರ ಹೆಸರಿಗೆ ಹೋಗಲು ಇಲ್ಲಿನ ನ್ಯಾಯಾಲಯದ ಕಾಗದ ಬೇಕು.

ಗಂಡ ಹೆಂಡತಿ ಇಬ್ಬರ ಹೆಸರಿನ ಜಂಟಿ ಖಾತೆಯಾದರೆ ಬಚಾವ್ ಎಂದುಕೊಂಡವರು ಬಹಳ. ಇಲ್ಲಿನ ವಾಣಿಜ್ಯ ಕಾನೂನಿನಂತೆ ಜಂಟಿ ಖಾತೆಯ ಒಬ್ಬರು ತೀರಿಕೊಂಡರೆ ಉಳಿದವರು ಹತ್ತು ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು, ವಾರಸುದಾರರು ಯಾರೆಂದು ತೀರ್ಮಾನವಾಗುವವರೆಗೆ ಬ್ಯಾಂಕು ಮೃತರ ಪಾಲನ್ನು ತಡೆಹಿಡಿಯಬೇಕು. ವ್ಯವಹಾರದಲ್ಲಿ ಇಡೀ ಖಾತೆಯೇ ನಿಂತುಬಿಡುವುದೂ ಉಂಟು. ಊರಿನಲ್ಲಿ "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂದು ಖಾತೆ ತೆರೆದು ಅಭ್ಯಾಸವಾದವರಿಗೆ ಇದು ದೊಡ್ಡ ಪೆಟ್ಟು. ಇನ್ನು ತೀರಿಕೊಂಡವರ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆದರಾಯಿತು ಎಂದು ಸಲಹೆ ಕೊಡುವ ಹಿತೈಷಿಗಳು ಪ್ರತಿ ಸಾವಿನ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ. ಆ ಹಣ ಆ ಕ್ಷಣದಿಂದ ವಾರಸುದಾರರೆಲ್ಲರದು, ಮತ್ತು ತೆಗೆದ ಹೊತ್ತು, ಜಾಗ ಎಲ್ಲ ದಾಖಲಾಗುತ್ತದೆ. ಊರಿನ ಅಧಿಕಾರಪತ್ರ, ನಾವು ಪವರ್ ಆಫ್ ಅಟಾರ್ನಿ ಎನ್ನುವುದು, ಅದೂ ಕೊಟ್ಟವರ ಉಸಿರಿನ ಜೊತೆಗೇ ಸಾಯುತ್ತದೆ. ತಮ್ಮ ಅದನ್ನು ಹಿಡಿದುಕೊಂಡು ಮರುದಿನ ಮಂಗಳೂರಿನ ಬ್ಯಾಂಕಿಗೆ ಹೋಗುವಂತಿಲ್ಲ.

ನ್ಯಾಯಾಲಯದ ದಾರಿ ಹೇಗಿರುತ್ತದೆ? ಇಲ್ಲಿನ ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್, ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ವಾರಸುದಾರರು ಯಾರೆಂಬ ಊರಿನ ದಾಖಲೆ. ಊರಿನ ದಾಖಲೆಗಳಿಗೆ ರಾಜ್ಯ ಸರ್ಕಾರದ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ, ಯುಎಇ ರಾಯಭಾರ ಕಚೇರಿಯ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು. ನಂತರ ಪರವಾನಗಿಯಿರುವ ಅನುವಾದಕರಿಂದ ಅರಬ್ಬಿಗೆ ಅನುವಾದ. ಆಮೇಲೆ ನ್ಯಾಯಾಲಯದಲ್ಲಿ ವಾರಸಿನ ಕಡತ ತೆರೆಯುತ್ತದೆ.

ಹೆಚ್ಚು ಕಡತಗಳು ಎಡವುವುದು ಹೆಸರಿನಲ್ಲಿ. ನಮ್ಮ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಬಿಡಿಸಿ ಬರೆದಿರುತ್ತದೆ, ಪ್ಯಾನಿನಲ್ಲಿ ಬಿಡಿಸದೆ, ರೇಷನ್ ಕಾರ್ಡಿನಲ್ಲಿ ಕುಲನಾಮ ಸೇರಿಸಿ, ಮದುವೆ ಪತ್ರದಲ್ಲಿ ಹೆಂಡತಿಯ ತವರಿನ ಹೆಸರು. ಒಂದು ಮನೆಯ ಕಡತವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಐದು ಕಾಗದ, ತೀರಿಕೊಂಡವರಿಗೆ ನಾಲ್ಕು ಹೆಸರು, ಅರಬ್ಬಿಗೆ ಹೋಗುವಾಗ ಐದನೆಯದೊಂದು ಹುಟ್ಟಿತ್ತು. ಅನುವಾದಕ ಅಕ್ಷರಗಳನ್ನು ಉಚ್ಚಾರದಂತೆ ಬರೆದಿದ್ದ, ಅವನ ತಪ್ಪಲ್ಲ. ಇವರೆಲ್ಲ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ಅದಕ್ಕೆ ಮತ್ತೆ ಅಷ್ಟೂ ಮುದ್ರೆ ಹಾಕಿಸಿ ತರುವಷ್ಟರಲ್ಲಿ ಆ ಹೆಣ್ಣುಮಗಳು ಬಾಡಿಗೆ ಮನೆ ಖಾಲಿ ಮಾಡಿ ಊರು ಸೇರಿದ್ದಳು.

ಇನ್ನು ಪಾಲಿನ ಲೆಕ್ಕ. ಇದು ಗೊತ್ತಾದಾಗ ನಮ್ಮ ಸ್ನೇಹಿತರು ಚಹಾದ ಲೋಟ ಕೆಳಗಿಟ್ಟರು. ಮುಸ್ಲಿಮೇತರರಿಗಾಗಿ ಯುಎಇ ಮಾಡಿದ 2022ರ 41ನೇ ಸಂಖ್ಯೆಯ ಒಕ್ಕೂಟ ಕಾನೂನು 2023ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಅಬುಧಾಬಿಯಲ್ಲಿ ಅದಕ್ಕೂ ಮುಂಚೆಯೇ, 2021ರಲ್ಲಿ, ಅಂಥದೇ ಕಾನೂನು ಬಂದಿತ್ತು. ಉಯಿಲು ಇಲ್ಲದಿದ್ದರೆ ಅರ್ಧ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ, ಹೆಣ್ಣು ಗಂಡು ಭೇದವಿಲ್ಲದೆ ಸಮನಾಗಿ. ತಂದೆತಾಯಿಗೆ ಪಾಲು ಬರುವುದು ಮಕ್ಕಳಿಲ್ಲದಿದ್ದಾಗ. ಅಂದರೆ ಅವರ 80,000 ದಿರ್ಹಂನಲ್ಲಿ ಕ್ರೆಡಿಟ್ ಕಾರ್ಡು, ಸಾಲ ಏನಾದರೂ ಇದ್ದರೆ ಅದನ್ನು ಕಳೆದ ಮೇಲೆ ಹೆಂಡತಿಗೆ ಅರ್ಧ, ಮಕ್ಕಳಿಗೆ ಕಾಲು ಕಾಲು. ಸಾಲವೇನೂ ಇಲ್ಲವೆಂದರೆ 40,000, 20,000, 20,000. ಅಮ್ಮನಿಗೆ ಏನೂ ಇಲ್ಲ. ಅದೇ ಅಮ್ಮನಿಗೆ ಮಂಗಳೂರಿನ ಹಣದಲ್ಲಿ ನಾಲ್ಕರಲ್ಲೊಂದು ಪಾಲು! ಒಬ್ಬನೇ ಮನುಷ್ಯ, ಒಂದೇ ದುಡಿಮೆ. ಹಣ ಯಾವ ದಡದಲ್ಲಿತ್ತು ಎಂಬುದರ ಮೇಲೆ ತಾಯಿಯ ಪಾಲು ನಿಂತಿದೆ. ವಾರಸುದಾರರು ಭಾರತದ ಕಾನೂನನ್ನೇ ಅನ್ವಯಿಸಿ ಎಂದು ನ್ಯಾಯಾಲಯವನ್ನು ಕೇಳಿಕೊಳ್ಳಲು ಈ ಕಾನೂನಿನಲ್ಲಿ ಅವಕಾಶವಿದೆ, ಆಗ ತಲಾ 20,000. ಆದರೆ ಕೇಳಬೇಕಾದವರು ಊರಿನ ಹಿತ್ತಿಲಲ್ಲಿ ಕೂತ ಎಪ್ಪತ್ತು ದಾಟಿದ ಮುದುಕಿ.

ಇದು ಹಿಂದೂ ಕುಟುಂಬದ ಲೆಕ್ಕ. ಮಂಗಳೂರಿನ ಕ್ರೈಸ್ತ ಬಂಧುಗಳಿಗೆ ಊರಿನಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ಹೆಂಡತಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು, ಮಕ್ಕಳಿದ್ದರೆ ತಂದೆತಾಯಿಗೆ ಇಲ್ಲ. ಭಟ್ಕಳದ, ಉಳ್ಳಾಲದ ಮುಸ್ಲಿಂ ಬಂಧುಗಳಿಗೆ ಎರಡೂ ದೇಶಗಳಲ್ಲಿ ಶರೀಅತ್ ಪಾಲುಗಳು: ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ತಂದೆಗೂ ಆರನೇ ಒಂದು, ಉಳಿದದ್ದರಲ್ಲಿ ಮಗಳಿಗೊಂದಕ್ಕೆ ಮಗನಿಗೆರಡು. ಉಯಿಲು ಬರೆಯುವುದಾದರೆ ವಾರಸುದಾರರಲ್ಲದವರಿಗೆ ಮೂರನೇ ಒಂದು ಭಾಗದವರೆಗೆ. ನಾಮಿನಿಯ ವಿಷಯ ಮಾತ್ರ ಎಲ್ಲರಿಗೂ ಒಂದೇ.

ಯುಎಇಯಲ್ಲಿ ಒಂದು ವಿನಾಯಿತಿ ಇಲ್ಲಿನ ಜೀವವಿಮೆ. ಅದರಲ್ಲಿ ಬೆನಿಫಿಶಿಯರಿ ಎಂದು ಬರೆದವರಿಗೆ ಕಂಪನಿ ನೇರವಾಗಿ ಹಣ ಕೊಡುತ್ತದೆ. ಅದು ಸಾಮಾನ್ಯವಾಗಿ ನ್ಯಾಯಾಲಯದ ಹಂಚಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಬೇಗ ಸಿಗುವ ಹಣ ಅದೇ. ನಿಮ್ಮ ಕಂಪನಿ ಗುಂಪು ವಿಮೆ ಮಾಡಿಸಿದ್ದರೆ ಎಚ್‌ಆರ್‌ನವರನ್ನು ಕೇಳಿ ಆ ಕಾಲಂ ನೋಡಿ. ಖಾಲಿ ಬಿಟ್ಟಿದ್ದರೆ ಆ ಹಣವೂ ನ್ಯಾಯಾಲಯದ ಸರದಿಗೆ ಸೇರುತ್ತದೆ.

ಹಾಗಾಗಿ ನನ್ನ ಕೋರಿಕೆ ಎರಡು ಕಾಗದದ್ದು. ಊರಿನ ಆಸ್ತಿಗೆ ಒಂದು ಉಯಿಲು, ಇಲ್ಲಿನ ಆಸ್ತಿಗೆ ಇನ್ನೊಂದು. ಊರಿನದ್ದನ್ನು ಕನ್ನಡದಲ್ಲೇ ಬರೆಯಬಹುದು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ರಜೆಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಡುವುದು ಒಳ್ಳೆಯದು. ಇಲ್ಲಿನದ್ದನ್ನು ಮುಸ್ಲಿಮೇತರರು ದುಬೈ ನ್ಯಾಯಾಲಯದ ನೋಟರಿಯಲ್ಲಿ, ಅಬುಧಾಬಿಯ ನ್ಯಾಯಾಂಗ ಇಲಾಖೆಯಲ್ಲಿ ಅಥವಾ 2015ರಿಂದ ನಡೆಯುತ್ತಿರುವ ಡಿಐಎಫ್‌ಸಿ ಉಯಿಲು ಕೇಂದ್ರದಲ್ಲಿ ನೋಂದಾಯಿಸಬಹುದು. ಡಿಐಎಫ್‌ಸಿಯದ್ದು ಇಂಗ್ಲಿಷಿನಲ್ಲಿ ನಡೆಯುತ್ತದೆ, ಉಳಿದವಕ್ಕಿಂತ ದುಬಾರಿ. ಖಾತೆಯಲ್ಲಿ ಒಂದಷ್ಟು ಉಳಿತಾಯ ಮಾತ್ರ ಇರುವವರಿಗೆ ನೋಟರಿಯ ದಾರಿ ಸಾಕು ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಗುಂಡಿ ಇದೆ. ಉಯಿಲು ಬರೆದುಕೊಡುವವರು ಅಭ್ಯಾಸಬಲದಿಂದ ಮೊದಲ ಸಾಲಿನಲ್ಲೇ "ಈ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ಈ ಮೂಲಕ ರದ್ದುಪಡಿಸಿದ್ದೇನೆ" ಎಂದು ಹಾಕುತ್ತಾರೆ. ದುಬೈಯಲ್ಲಿ ಜನವರಿಯಲ್ಲಿ ಉಯಿಲು ಮಾಡಿಸಿ, ಮೇ ತಿಂಗಳ ರಜೆಯಲ್ಲಿ ಉಡುಪಿಯಲ್ಲಿ ಇನ್ನೊಂದು ಮಾಡಿಸಿದರೆ ಆ ಒಂದು ಸಾಲು ದುಬೈಯದ್ದನ್ನು ಕೊಂದುಹಾಕುತ್ತದೆ. "ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ ಹಿಂದಿನ ಉಯಿಲುಗಳನ್ನು ಮಾತ್ರ" ಎಂದು ಬರೆಸಿ. ಸಹಿ ಹಾಕುವ ಮುಂಚೆ ಬೆರಳಿಟ್ಟು ಓದಿ.

ಹೆಂಡತಿಯ ಹೆಸರಿನಲ್ಲಿ ಮಾತ್ರ ಇಲ್ಲೊಂದು ಖಾತೆ ತೆರೆದು, ನಿಮ್ಮ ಮನೆಯ ಮೂರು ತಿಂಗಳ ಖರ್ಚನ್ನು ಅದರಲ್ಲಿ ಇಡಿ. ನಿಮ್ಮ ಖಾತೆ ನಿಂತ ದಿನ ಬಾಡಿಗೆ, ಮಕ್ಕಳ ಶುಲ್ಕ, ಟಿಕೆಟ್ಟಿನ ಹಣ ಬರುವುದು ಅಲ್ಲಿಂದಲೇ. ಊರಿನ ಅಲ್ಮೇರಾದಲ್ಲಿರುವ ಹಳೆಯ ಪಾಸ್‌ಬುಕ್ಕುಗಳನ್ನೂ ತೆಗೆಯಿಸಿ ನೋಡಿ. ನಮ್ಮ ಕರಾವಳಿಯ ಮೂರು ಬ್ಯಾಂಕುಗಳ ಹೆಸರೇ ಈಗಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲಿನಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಅಪ್ಪ ತೆರೆದುಕೊಟ್ಟ ಆ ಖಾತೆಗೆ ಈಗ ಯಾರ ಹೆಸರಿದೆ ಎಂದು ಶಾಖೆಯಲ್ಲಿ ಕೇಳಿ. ಆ್ಯಪಿನಲ್ಲಿ "ನಾಮಿನಿ ನೋಂದಾಯಿತ: ಹೌದು" ಎಂದಷ್ಟೇ ಕಂಡರೆ ಸುಮ್ಮನಾಗಬೇಡಿ, ಹೆಸರು ಹೇಳಿಸಿಕೊಳ್ಳಿ.

ಈ ಮಾತು ನನಗೂ ಸೇರಿದ್ದು. ಆ ಚಹಾದ ರಾತ್ರಿ ಮನೆಗೆ ಬಂದು ನನ್ನ ಹಳೆಯ ಪಾಲಿಸಿ ಬಾಂಡನ್ನು ಸೂಟ್‌ಕೇಸಿನ ತಳದಿಂದ ತೆಗೆದೆ. ನಾಮಿನಿಯ ಜಾಗದಲ್ಲಿ ಟೈಪ್ ಮಾಡಿದ ಅಕ್ಷರದಲ್ಲಿ ನನ್ನ ಅಮ್ಮನ ಹೆಸರು, ಪಕ್ಕದಲ್ಲಿ ವಯಸ್ಸು 52. ಅಮ್ಮ ಹೋಗಿ ಆರು ವರ್ಷವಾಯಿತು. ಬಾಂಡಿನ ಹಿಂಬದಿಯಲ್ಲಿ ಹೊಸ ಹೆಸರು ನಮೂದಿಸಲು ಜಾಗ ಖಾಲಿಯಿತ್ತು. ಹೆಂಡತಿ ಕನ್ನಡಕ ಹಾಕಿಕೊಂಡು ಅದನ್ನು ಓದಿ, "ನನ್ನ ಹೆಸರು ಬರೆಯುವಾಗ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಬರೀರಿ" ಎಂದಳು.